ಮೂಗಿನ ಸ್ಪ್ರೇಯಿಂದಲೇ ಮೂಗು ಕಟ್ಟುತ್ತದೆಯೇ?

ನೆಗಡಿ ಬಂದಾಗ ಮೂಗಿಗೆ ಎರಡು ಹನಿ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಉಸಿರಾಟ ಸರಾಗವಾಗುತ್ತದೆ. ಹಾಗಾಗಿ ಎಷ್ಟು ದಿನ ಬೇಕಾದರೂ ಬಳಸಬಹುದು ಎಂದು ಹಲವರು ಭಾವಿಸುತ್ತಾರೆ. ಇದು ತಪ್ಪು. ಕೆಲವು ದಿನ ಮೀರಿದರೆ ಅದೇ ಔಷಧ ಮೂಗು ಕಟ್ಟಿಸುತ್ತದೆ.

ನಾವಿಲ್ಲಿ ಹೇಳುತ್ತಿರುವುದು ಕ್ಸೈಲೋಮೆಟಾಜೋಲಿನ್ ಅಥವಾ ಆಕ್ಸಿಮೆಟಾಜೋಲಿನ್ ಇರುವ ಸ್ಪ್ರೇ ಮತ್ತು ಹನಿಗಳ ಬಗ್ಗೆ. ಉಪ್ಪುನೀರಿನ (ಸಲೈನ್) ಸ್ಪ್ರೇಗೆ ಈ ಸಮಸ್ಯೆ ಇಲ್ಲ. ನಿಮ್ಮ ಬಾಟಲಿ ಯಾವುದು ಎಂದು ಲೇಬಲ್ ಓದಿ ತಿಳಿದುಕೊಳ್ಳಿ.

ಹೀಗೇಕಾಗುತ್ತದೆ?

ಮೂಗು ಕಟ್ಟಲು ಸಿಂಬಳವೊಂದೇ ಕಾರಣವಲ್ಲ. ಮೂಗಿನ ಒಳಪದರದ ರಕ್ತನಾಳಗಳಲ್ಲಿ ರಕ್ತ ತುಂಬಿ, ಪದರ ಊದಿಕೊಂಡು ಗಾಳಿಯ ದಾರಿ ಕಿರಿದಾಗುತ್ತದೆ. ಈ ಔಷಧ ಆ ರಕ್ತನಾಳಗಳನ್ನು ಕುಗ್ಗಿಸುತ್ತದೆ, ದಾರಿ ತೆರೆದುಕೊಳ್ಳುತ್ತದೆ. ಆದರೆ ದಿನವೂ ಬಳಸಿದರೆ ರಕ್ತನಾಳಗಳು ಔಷಧಕ್ಕೆ ಮೊದಲಿನಷ್ಟು ಸ್ಪಂದಿಸುವುದಿಲ್ಲ. ಪರಿಣಾಮ ಇಳಿದ ಕೂಡಲೇ ಪದರ ಮತ್ತೆ ಊದಿಕೊಳ್ಳುತ್ತದೆ.

ಒಬ್ಬರಿಗೆ ನೆಗಡಿಯಾಗಿದೆ ಎಂದುಕೊಳ್ಳಿ. ಮೊದಲ ಮೂರು ದಿನ ಬೆಳಿಗ್ಗೆ, ರಾತ್ರಿ ಒಮ್ಮೊಮ್ಮೆ ಹಾಕಿದರೆ ಸಾಕಾಗುತ್ತಿತ್ತು. ಎರಡನೇ ವಾರ ನಾಲ್ಕು ಗಂಟೆಗೇ ಮೂಗು ಕಟ್ಟತೊಡಗಿತು, ದಿನಕ್ಕೆ ನಾಲ್ಕೈದು ಸಲ ಹಾಕಿದರು. ತಿಂಗಳಾಗುವಷ್ಟರಲ್ಲಿ ದಿಂಬಿನ ಪಕ್ಕ ಬಾಟಲಿ ಇಲ್ಲದೆ ನಿದ್ದೆ ಬಾರದಾಯಿತು. ನೆಗಡಿ ಎಂದೋ ಹೋಗಿದೆ, ಈಗ ಉಳಿದಿರುವುದು ಸ್ಪ್ರೇ ತಂದ ಕಾಯಿಲೆ.

ಗುರುತಿಸುವುದು ಹೇಗೆ?

ಸೀನು, ಜ್ವರ, ಮೂಗು ಸೋರುವುದು ನಿಂತಿದ್ದರೂ ಮೂಗು ಮಾತ್ರ ಕಟ್ಟಿಯೇ ಇದ್ದರೆ, ಸ್ಪ್ರೇ ಕೆಲಸ ಮಾಡುವ ಅವಧಿ ದಿನೇ ದಿನೇ ಕಡಿಮೆಯಾಗುತ್ತಿದ್ದರೆ ಅನುಮಾನಪಡಿ.

ಬಿಡುವುದು ಹೇಗೆ?

ಮೂಗು ಕಟ್ಟಿದೆ ಎಂದು ಮತ್ತೆ ಹಾಕಿದಷ್ಟೂ ಈ ಚಕ್ರ ಮುಂದುವರಿಯುತ್ತದೆ. ನಿಲ್ಲಿಸುವುದೇ ಪರಿಹಾರ, ಆದರೆ ಮೊದಲ ಕೆಲವು ದಿನ ಕಷ್ಟ. ಒಮ್ಮೆಲೇ ಬಿಡಲಾಗದವರಿಗೆ ಒಂದು ಉಪಾಯವಿದೆ: ಮೊದಲು ಒಂದು ಹೊಳ್ಳೆಗೆ ಮಾತ್ರ ನಿಲ್ಲಿಸುವುದು. ಇನ್ನೊಂದರಿಂದ ಉಸಿರಾಡಬಹುದು. ಒಂದೆರಡು ವಾರದಲ್ಲಿ ಮೊದಲ ಹೊಳ್ಳೆ ತೆರೆದುಕೊಂಡ ಮೇಲೆ ಎರಡನೆಯದಕ್ಕೂ ನಿಲ್ಲಿಸುವುದು. ಉಪ್ಪುನೀರಿನ ಸ್ಪ್ರೇ ಸ್ವಲ್ಪ ಆರಾಮ ಕೊಡುತ್ತದೆ. ಊತ ಇಳಿಸಲು ವೈದ್ಯರು ಸ್ಟೀರಾಯ್ಡ್ ಸ್ಪ್ರೇ ಬರೆದುಕೊಡಬಹುದು. ಅದು ತಕ್ಷಣ ಮೂಗು ತೆರೆಯುವುದಿಲ್ಲ, ಪೂರ್ತಿ ಪರಿಣಾಮಕ್ಕೆ ಹಲವು ದಿನ ಬೇಕು. ಕೆಲಸ ಮಾಡುತ್ತಿಲ್ಲವೆಂದು ಎರಡೇ ದಿನಕ್ಕೆ ಬಿಟ್ಟು ಹಳೆಯ ಬಾಟಲಿಗೆ ಮರಳಬೇಡಿ.

ಸ್ಪ್ರೇ ಬಿಟ್ಟ ಮೇಲೂ ವಾರಗಟ್ಟಲೆ ಮೂಗು ಕಟ್ಟಿಯೇ ಇದ್ದರೆ ಕಿವಿ, ಮೂಗು, ಗಂಟಲು ತಜ್ಞರನ್ನು ನೋಡಿ. ಅಲರ್ಜಿ ಇರಬಹುದು, ಮೂಗಿನ ನಡುಗೋಡೆ ವಾಲಿರಬಹುದು. ಬಿಪಿ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಈ ಸ್ಪ್ರೇ ಬಳಸಬಾರದು, ಚಿಕ್ಕ ಮಕ್ಕಳಿಗೂ ಕೇಳದೆ ಹಾಕಬಾರದು.

ನೆನಪಿಡಿ: ಈ ಔಷಧ ಮೂರು ದಿನಕ್ಕೆ, ಹೆಚ್ಚೆಂದರೆ ಐದು ದಿನಕ್ಕೆ. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟರೆ ಲೆಕ್ಕ ತಪ್ಪುವುದಿಲ್ಲ.