ಭಾರ ಎತ್ತುವಾಗ ಕಿವಿಯಲ್ಲಿ ‘ಟಪ್’ ಎಂದರೆ

ದಮ್ಮು ಕಟ್ಟಿ ಭಾರ ಎತ್ತುವಾಗ ಒಂದು ಕಿವಿಯೊಳಗೆ ಏನೋ ‘ಟಪ್’ ಎಂದು ಒಡೆದಂತಾಗುತ್ತದೆ. ಅದರ ಹಿಂದೆಯೇ ತಲೆ ತಿರುಗುತ್ತದೆ, ಆ ಕಿವಿ ಮಂದವಾಗುತ್ತದೆ. ಬಿಸಿಲಿಗೆ ಹೀಗಾಯಿತು, ಪಿತ್ತ ಕೆರಳಿತು, ಬಿಪಿ ಇಳಿಯಿತು ಎಂದು ಮನೆಯವರು ತಲೆಗೊಂದು ಕಾರಣ ಹೇಳುತ್ತಾರೆ. ಆದರೆ ಈ ಮೂರೂ ಒಟ್ಟಿಗೆ ಬಂದಾಗ ಒಳಕಿವಿಯಲ್ಲಿ ಸಣ್ಣದೊಂದು ಸೀಳು ಬಿದ್ದು ಅಲ್ಲಿನ ದ್ರವ ಸೋರುತ್ತಿರಬಹುದು ಎಂದು ಅನುಮಾನಿಸಬೇಕು. ವೈದ್ಯರು ಇದನ್ನು ಪೆರಿಲಿಂಫ್ ಫಿಸ್ಟುಲಾ ಎನ್ನುತ್ತಾರೆ. ಇದು ಅಪರೂಪದ ತೊಂದರೆ, ಆದ್ದರಿಂದಲೇ ತಪ್ಪಿಹೋಗುವುದೂ ಹೆಚ್ಚು.

ಸೋರುವುದು ಎಲ್ಲಿಂದ?

ಕಿವಿತಮಟೆಯ ಆಚೆಗೆ ಗಾಳಿ ತುಂಬಿದ ಪುಟ್ಟ ಕೋಣೆಯಿದೆ. ಅದು ಮಧ್ಯಕಿವಿ. ಅದರ ಒಳಗೋಡೆಯ ಆಚೆಗಿರುವುದು ಒಳಕಿವಿ. ಕೇಳಿಸಿಕೊಳ್ಳುವ ಶಂಖದಾಕಾರದ ಕಾಕ್ಲಿಯಾ ಮತ್ತು ದೇಹದ ಸಮತೋಲ ಕಾಯುವ ಅರ್ಧವೃತ್ತಾಕಾರದ ನಾಳಗಳು ಗಟ್ಟಿ ಮೂಳೆಯೊಳಗೆ ಅಡಗಿ ಕುಳಿತಿವೆ. ಇವೆರಡನ್ನೂ ಸುತ್ತುವರಿದ ದ್ರವವೇ ಪೆರಿಲಿಂಫ್. ಒಂದು ಕಿವಿಯಲ್ಲಿ ಅದು ಇರುವುದೇ ಮೂರು ನಾಲ್ಕು ಹನಿಯಷ್ಟು.

ಮಧ್ಯಕಿವಿಗೂ ಒಳಕಿವಿಗೂ ನಡುವಿನ ಮೂಳೆಗೋಡೆಯಲ್ಲಿ ಎರಡು ಕಿಂಡಿಗಳಿವೆ. ಅಂಡಾಕಾರದ ಕಿಂಡಿಯನ್ನು ರಿಕಾಪು ಎಂಬ ಪುಟ್ಟ ಮೂಳೆಯ ಪಾದ ಮುಚ್ಚಿರುತ್ತದೆ. ದುಂಡನೆಯ ಕಿಂಡಿಗೆ ಇರುವ ಮುಚ್ಚಳ ಬರೀ ಒಂದು ತೆಳು ಪೊರೆ. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಸೀಳು ಬೀಳುವುದು ಹೆಚ್ಚಾಗಿ ಈ ಎರಡು ಕಿಂಡಿಗಳಲ್ಲೇ.

ಭಾರ ಎತ್ತುವುದಕ್ಕೂ ಈ ಪೊರೆಗೂ ಏನು ಸಂಬಂಧ? 1971ರಲ್ಲಿ ಅಮೆರಿಕದ ಕಿವಿತಜ್ಞ ವಿಕ್ಟರ್ ಗುಡ್‌ಹಿಲ್ ಇದಕ್ಕೆ ಎರಡು ದಾರಿಗಳನ್ನು ಸೂಚಿಸಿದರು. ಇಂದಿಗೂ ವೈದ್ಯರು ಅವರ ವಿವರಣೆಯನ್ನೇ ಬಳಸುತ್ತಾರೆ. ಉಸಿರು ಬಿಗಿಹಿಡಿದು ಮೂಟೆ ಎತ್ತಿದಾಗ, ಮಲವಿಸರ್ಜನೆಗೆ ತಿಣುಕಿದಾಗ, ಜೋರಾಗಿ ಕೆಮ್ಮಿದಾಗ ಎದೆ ಮತ್ತು ಹೊಟ್ಟೆಯೊಳಗಿನ ಒತ್ತಡ ಏರುತ್ತದೆ. ಅದರೊಂದಿಗೆ ಮೆದುಳನ್ನು ಸುತ್ತುವರಿದ ದ್ರವದ ಒತ್ತಡವೂ ಏರುತ್ತದೆ. ಆ ದ್ರವಕ್ಕೂ ಪೆರಿಲಿಂಫ್‌ಗೂ ಕೂದಲೆಳೆಯಂಥ ಮೂಳೆನಾಳದ ಮೂಲಕ ಸಂಪರ್ಕವಿದೆ. ಒತ್ತಡ ಹೀಗೆ ಒಳಕಿವಿಗೆ ನುಗ್ಗಿ ಪೊರೆಯನ್ನು ಒಳಗಿನಿಂದ ಹೊರಕ್ಕೆ ಹರಿಯುತ್ತದೆ. ಇದು ಮೊದಲ ದಾರಿ. ಮೂಗು ಹಿಡಿದು ಬಾಯಿ ಮುಚ್ಚಿ ಜೋರಾಗಿ ಊದಿದಾಗ, ಮೂಗನ್ನು ರಭಸದಿಂದ ಸೀಟಿದಾಗ ಗಂಟಲಿನ ನಾಳದ ಮೂಲಕ ಗಾಳಿ ಮಧ್ಯಕಿವಿಗೆ ನುಗ್ಗಿ ಅದೇ ಪೊರೆಯನ್ನು ಹೊರಗಿನಿಂದ ಒಳಕ್ಕೆ ತಳ್ಳುತ್ತದೆ. ಇದು ಎರಡನೆಯದು. ನೀರಿನಾಳಕ್ಕೆ ಧುಮುಕುವವರಿಗೂ ಈ ಬಗೆಯ ಪೆಟ್ಟು ಆಗಬಹುದು.

ದಿನವಿಡೀ ಮೂಟೆ ಹೊರುವ ಹಮಾಲರಲ್ಲಿ ಬಹುತೇಕರಿಗೆ ಹೀಗಾಗುವುದಿಲ್ಲ, ಏಕೆಂದರೆ ಸಾಮಾನ್ಯವಾಗಿ ಈ ಪೊರೆ ಅಷ್ಟು ಒತ್ತಡವನ್ನು ತಾಳಿಕೊಳ್ಳುತ್ತದೆ. ಹುಟ್ಟಿನಿಂದಲೇ ಒಳಕಿವಿಯ ರಚನೆಯಲ್ಲಿ ಲೋಪವಿರುವ ಮಕ್ಕಳು, ರಿಕಾಪು ಮೂಳೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ತಲೆಗೆ ಏಟು ತಿಂದವರು ಮಾತ್ರ ಹೆಚ್ಚು ಎಚ್ಚರವಾಗಿರಬೇಕು.

ಒಂದು ಮೂಟೆಯ ಪ್ರಕರಣ

ಇಂಥ ರೋಗಿಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳನ್ನು ಸೇರಿಸಿ ಒಂದು ಉದಾಹರಣೆ ಕೊಡುತ್ತೇನೆ. ನಲವತ್ತೈದರ ಒಬ್ಬ ಕಿರಾಣಿ ಅಂಗಡಿಯವರು. ಅಂಗಡಿಯ ಹುಡುಗ ಬಾರದ ದಿನ 50 ಕೆ.ಜಿ. ಸಕ್ಕರೆ ಮೂಟೆಯನ್ನು ಒಬ್ಬರೇ ಎತ್ತಿ ಹಲಗೆಯ ಮೇಲಿಡಲು ಹೋದರು. ಎಡಗಿವಿಯಲ್ಲಿ ‘ಟಪ್’ ಎಂದಿತು. ಮೂಟೆ ಇಳಿಸುವಷ್ಟರಲ್ಲಿ ನೆಲವೇ ವಾಲಿದಂತಾಗಿ, ಗಲ್ಲಾಪೆಟ್ಟಿಗೆ ಹಿಡಿದು ಕುಳಿತರು. ವಾಂತಿಯಾಯಿತು. ಕಿವಿಯಲ್ಲಿ ನೀರು ಹರಿದಂತೆ ಸದ್ದು. “ಏನಾಯ್ತು ರೀ, ಬಿಪಿ ಇರಬೇಕು, ಮಲಗಿಬಿಡಿ” ಎಂದು ಹೆಂಡತಿ ನಿಂಬೆಹಣ್ಣಿನ ಪಾನಕ ಕೊಟ್ಟರು.

ಮಲಗಿದಾಗ ತುಸು ಹಗುರವೆನಿಸಿತು. ಮರುದಿನ ಎಡಗಿವಿಗೆ ಫೋನ್ ಹಿಡಿದರೆ ಮಾತು ಒಡಕಲು ತಗಡಿನಲ್ಲಿ ಕೇಳಿದಂತಿತ್ತು. ಕೆಮ್ಮಿದಾಗಲೆಲ್ಲ ತಲೆ ಗಿರ್ರನೆ ತಿರುಗುತ್ತಿತ್ತು. ಬಡಾವಣೆಯ ವೈದ್ಯರು ಬಿಪಿ ನೋಡಿದರು, ಸರಿಯಾಗಿತ್ತು. ಕಿವಿಗೆ ಬೆಳಕು ಹಾಯಿಸಿ ನೋಡಿದರು, ತಮಟೆಯೂ ಸರಿಯಾಗಿಯೇ ಇತ್ತು. ತಲೆಸುತ್ತಿನ ಮಾತ್ರೆ ಬರೆದುಕೊಟ್ಟರು. ಹೆಚ್ಚಿನವರು ಎಡವುವುದು ಇಲ್ಲೇ. ಸೀಳು ಬಿದ್ದಿರುವುದು ತಮಟೆಯ ಆಚೆಗಿನ ಗೋಡೆಯಲ್ಲಿ. ತಮಟೆ ಸರಿಯಿದೆ ಎಂದಮಾತ್ರಕ್ಕೆ ಒಳಕಿವಿ ಸರಿಯಿದೆ ಎಂದಾಗುವುದಿಲ್ಲ.

ನಾಲ್ಕನೆಯ ದಿನ ಅವರು ಕಿವಿ, ಮೂಗು, ಗಂಟಲು ತಜ್ಞರ ಬಳಿಗೆ ಹೋದರು. ವೈದ್ಯರ ಮೊದಲ ಪ್ರಶ್ನೆ: “ಶುರುವಾದಾಗ ಏನು ಮಾಡ್ತಾ ಇದ್ರಿ?” ಮೂಟೆಯ ವಿಷಯ ಆಗ ಹೊರಬಿತ್ತು. ಅವರು ಟ್ಯೂನಿಂಗ್ ಫೋರ್ಕನ್ನು ಮೊಣಕೈಗೆ ತಟ್ಟಿ, ಅದರ ಕಾಲನ್ನು ರೋಗಿಯ ಹಣೆಯ ನಡುವೆ ಒತ್ತಿ ಹಿಡಿದು, ಸದ್ದು ಯಾವ ಕಡೆ ಕೇಳಿಸುತ್ತದೆ ಎಂದು ಕೇಳಿದರು. ಗುಗ್ಗೆಯಿಂದಲೋ ನೆಗಡಿಯಿಂದಲೋ ಕಿವಿ ಕಟ್ಟಿದ್ದರೆ ಸದ್ದು ಕಟ್ಟಿದ ಕಿವಿಯ ಕಡೆಗೇ ಜೋರಾಗಿ ಕೇಳುತ್ತದೆ. ಒಳಕಿವಿಗೇ ಪೆಟ್ಟಾಗಿದ್ದರೆ ಒಳ್ಳೆಯ ಕಿವಿಯ ಕಡೆಗೆ ಸರಿಯುತ್ತದೆ. ಅವರಿಗೆ ಕೇಳಿಸಿದ್ದು ಬಲಗಡೆ. ಆಮೇಲೆ ಮಾಡಿದ ಆಡಿಯೋಮೆಟ್ರಿಯಲ್ಲಿ ಬಲಗಿವಿ 15 ಡೆಸಿಬೆಲ್‌ನ ಸಣ್ಣ ಸದ್ದನ್ನೂ ಹಿಡಿಯಿತು. ಎಡಗಿವಿಗೆ ಸದ್ದನ್ನು 55ರವರೆಗೆ ಏರಿಸಬೇಕಾಯಿತು. ಎದುರಿಗೆ ಕುಳಿತವರ ಸಾಮಾನ್ಯ ಮಾತನ್ನೂ ಆ ಕಿವಿ ಸರಿಯಾಗಿ ಹಿಡಿಯಲಾರದು ಎಂದರ್ಥ.

ಖಚಿತಪಡಿಸುವುದು ಏಕೆ ಕಷ್ಟ?

ಸೈಕಲ್ ಟ್ಯೂಬನ್ನು ನೀರಿನಲ್ಲಿ ಅದ್ದಿದರೆ ಗುಳ್ಳೆ ಎದ್ದು ತೂತು ತಾನೇ ತೋರುತ್ತದೆ. ಒಳಕಿವಿಯ ಸೋರಿಕೆಗೆ ಅಂಥ ನೇರ ಪರೀಕ್ಷೆಯಿಲ್ಲ. ಸೋರುವ ದ್ರವ ಹನಿಯ ಸಣ್ಣದೊಂದು ಪಾಲು, ಕೆಲವೊಮ್ಮೆ ಅದೂ ಬಿಟ್ಟುಬಿಟ್ಟು ಸೋರುತ್ತದೆ. ಸಿಟಿ ಸ್ಕ್ಯಾನ್‌ನಲ್ಲಿ ಒಳಕಿವಿಯೊಳಗೆ ಗಾಳಿಗುಳ್ಳೆ ಕಂಡರೆ ಅದು ಬಲವಾದ ಸಾಕ್ಷಿ, ಆದರೆ ಕಾಣದಿದ್ದರೆ ಸೋರಿಕೆಯೇ ಇಲ್ಲ ಎನ್ನುವಂತಿಲ್ಲ. ಪೆರಿಲಿಂಫ್‌ನಲ್ಲಿ ಮಾತ್ರ ಸಿಗುವ ಒಂದು ಪ್ರೋಟೀನನ್ನು ಮಧ್ಯಕಿವಿಯಲ್ಲಿ ಹುಡುಕುವ ಪರೀಕ್ಷೆಯನ್ನು ಜಪಾನಿನ ವೈದ್ಯರು ರೂಪಿಸಿದ್ದಾರೆ. ಅದು ಎಲ್ಲ ಕಡೆ ಸಿಗುವುದಿಲ್ಲ. ಶಸ್ತ್ರಚಿಕಿತ್ಸೆಗೆಂದು ಕಿವಿ ತೆರೆದಾಗ ಕಿಂಡಿಯ ಬಳಿ ಕಾಣುವ ತೇವ ಪೆರಿಲಿಂಫೋ, ಚುಚ್ಚಿದ ಅರಿವಳಿಕೆಯ ದ್ರವವೋ ಎಂಬ ಗೊಂದಲವೂ ಇದೆ. ಈ ಕಾಯಿಲೆ ನಿಜಕ್ಕೂ ಎಷ್ಟು ಸಾಮಾನ್ಯ ಎಂಬುದರ ಬಗ್ಗೆ ತಜ್ಞರಲ್ಲೇ ದಶಕಗಳಿಂದ ವಾದವಿರುವುದು ಇದರಿಂದಲೇ.

ಹೀಗಾಗಿ ರೋಗಿ ಹೇಳುವ ಕಥೆಗೇ ಹೆಚ್ಚು ಬೆಲೆ. ಯಾವ ಕೆಲಸ ಮಾಡುವಾಗ ಶುರುವಾಯಿತು, ಯಾವ ಕಿವಿ, ಕೆಮ್ಮಿದರೆ, ಸೀನಿದರೆ, ಬಗ್ಗಿದರೆ, ಜೋರು ಸದ್ದು ಕೇಳಿದರೆ ತಲೆಸುತ್ತು ಹೆಚ್ಚುತ್ತದೆಯೇ ಎಂಬುದನ್ನು ವೈದ್ಯರು ಗಮನವಿಟ್ಟು ಕೇಳುತ್ತಾರೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮಾತ್ರ ತಲೆ ತಿರುಗಿ ಒಂದು ನಿಮಿಷದೊಳಗೆ ನಿಂತುಹೋಗುವ, ಕೇಳುವಿಕೆಗೆ ಏನೂ ಆಗದ ತಲೆಸುತ್ತು ಬೇರೆಯದು. ಅದು ಒಳಕಿವಿಯ ಸಣ್ಣ ಹರಳುಗಳು ಜಾರಿದ್ದರಿಂದ ಬರುವುದು ಮತ್ತು ಬಹಳ ಸಾಮಾನ್ಯ. ಸಮತೋಲ ನಾಳದ ಮೇಲಿನ ಮೂಳೆ ತೆಳುವಾಗಿ ತೆರೆದುಕೊಂಡಿದ್ದರೂ ತಿಣುಕಿದಾಗ, ಜೋರು ಸದ್ದಿಗೆ ತಲೆ ತಿರುಗುತ್ತದೆ. 1998ರಲ್ಲಿ ಗುರುತಿಸಲಾದ ಆ ತೊಂದರೆ ಸಿಟಿ ಸ್ಕ್ಯಾನ್‌ನಲ್ಲಿ ಕಾಣುತ್ತದೆ, ಆದ್ದರಿಂದ ಸ್ಕ್ಯಾನ್ ವ್ಯರ್ಥವಲ್ಲ.

ಇನ್ನೊಂದು ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯ. ಭಾರ ಎತ್ತಿದ ಮೇಲೆ ತಲೆಸುತ್ತಿನ ಜೊತೆಗೆ ಕತ್ತಿನ ತೀವ್ರ ನೋವು, ಮಾತಿನ ತೊದಲು, ಎರಡೆರಡಾಗಿ ಕಾಣುವುದು, ಮುಖ ಅಥವಾ ಕೈಕಾಲಿನ ಬಲಹೀನತೆ, ನಿಲ್ಲಲೇ ಆಗದಂಥ ಓಲಾಟ ಕಂಡರೆ ಕಿವಿಯ ಯೋಚನೆ ಬಿಟ್ಟು ತಕ್ಷಣ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಕತ್ತಿನ ರಕ್ತನಾಳ ಸೀಳಿ ಪಾರ್ಶ್ವವಾಯು ಆಗುತ್ತಿರಬಹುದು.

ಚಿಕಿತ್ಸೆ ಹೇಗೆ?

ಬಹಳಷ್ಟು ಸೀಳುಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಅದಕ್ಕೆ ಬೇಕಾದದ್ದು ಒತ್ತಡವಿಲ್ಲದ ಕೆಲವು ದಿನಗಳು. ಎರಡು ದಿಂಬಿಟ್ಟು ತಲೆಯನ್ನು ಸುಮಾರು 30 ಡಿಗ್ರಿ ಎತ್ತರಿಸಿ ಮಲಗುವುದು, ಒಂದು ವಾರದಷ್ಟು ಪೂರ್ತಿ ವಿಶ್ರಾಂತಿ, ಮಲ ಸಡಿಲವಾಗುವಂತೆ ಔಷಧ, ಬಾಯಿ ತೆರೆದು ಸೀನುವುದು, ಮೂಗು ಸೀಟದಿರುವುದು, ಕೆಲವು ವಾರ ಭಾರ ಎತ್ತದಿರುವುದು, ವೈದ್ಯರು ಒಪ್ಪುವವರೆಗೆ ವಿಮಾನ ಪ್ರಯಾಣ ಮಾಡದಿರುವುದು. ಕೇಳುವಿಕೆ ಕುಸಿದಿದ್ದರೆ ಸ್ಟೀರಾಯ್ಡ್ ಕೂಡ ಕೊಡುತ್ತಾರೆ. ಮೊದಲ ಎರಡು ವಾರದೊಳಗೆ, ಬೇಗ ಶುರು ಮಾಡಿದಷ್ಟೂ ಅದರಿಂದ ಪ್ರಯೋಜನ ಹೆಚ್ಚು. ಸಕ್ಕರೆ ಕಾಯಿಲೆಯವರು ಆ ದಿನಗಳಲ್ಲಿ ರಕ್ತದ ಸಕ್ಕರೆಯ ಮೇಲೆ ಕಣ್ಣಿಡಬೇಕು. ನಡುನಡುವೆ ಆಡಿಯೋಮೆಟ್ರಿ ಮಾಡಿ ಕೇಳುವಿಕೆ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡುತ್ತಾರೆ.

ನಮ್ಮ ಅಂಗಡಿಯವರಿಗೆ ವಿಶ್ರಾಂತಿ ಮತ್ತು ಮಾತ್ರೆಯಿಂದ ವಾಂತಿ ನಿಂತಿತು. ಆದರೆ ಕೆಮ್ಮಿದಾಗಿನ ತಲೆಸುತ್ತು ಹೋಗಲಿಲ್ಲ, ಎರಡನೆಯ ಆಡಿಯೋಮೆಟ್ರಿಯಲ್ಲಿ ಎಡಗಿವಿ 65ಕ್ಕೆ ಬಂದು ಇನ್ನಷ್ಟು ಮಂದವಾಗಿತ್ತು. ಶಸ್ತ್ರಚಿಕಿತ್ಸೆಯ ಮಾತು ಬರುವುದು ಇಂಥ ಘಟ್ಟದಲ್ಲಿ. ಸೂಕ್ಷ್ಮದರ್ಶಕದಡಿ ಕಿವಿತಮಟೆಯನ್ನು ಮಡಚಿ ಎತ್ತಿ, ಎರಡೂ ಕಿಂಡಿಗಳ ಸುತ್ತ ರೋಗಿಯ ದೇಹದಿಂದಲೇ ತೆಗೆದ ಕೊಬ್ಬು ಅಥವಾ ತೆಳು ಪೊರೆಯ ಚೂರುಗಳನ್ನು ತುರುಕಿ ಮುಚ್ಚುತ್ತಾರೆ. ಸೋರಿಕೆ ಸ್ಪಷ್ಟವಾಗಿ ಕಾಣದಿದ್ದರೂ ಎರಡಕ್ಕೂ ತೇಪೆ ಹಾಕುವ ರೂಢಿಯಿದೆ. ಇದರಿಂದ ತಲೆಸುತ್ತು ಕಡಿಮೆಯಾಗುವ ಸಾಧ್ಯತೆ ಚೆನ್ನಾಗಿದೆ. ಕಳೆದುಹೋದ ಕೇಳುವಿಕೆ ಪೂರ್ತಿ ಮರಳುತ್ತದೆ ಎಂಬ ಭರವಸೆಯನ್ನು ಯಾವ ವೈದ್ಯರೂ ಕೊಡಲಾರರು. ಆಪರೇಷನ್ ಆದ ಮೇಲೆ ಇವರ ತಲೆಸುತ್ತು ಹೋಯಿತು, ಕೇಳುವಿಕೆ 45ರವರೆಗೆ ಸುಧಾರಿಸಿ ಅಲ್ಲಿಗೇ ನಿಂತಿತು.

ಮನೆಯಲ್ಲಿ ಮಾಡಬಾರದ ಕೆಲವು ಕೆಲಸಗಳಿವೆ. ಕಿವಿ ಕಟ್ಟಿದಂತಿದೆ ಎಂದು ಬಿಸಿ ಎಣ್ಣೆಯನ್ನೋ ಬೆಳ್ಳುಳ್ಳಿ ರಸವನ್ನೋ ಬಿಡಬೇಡಿ. ನೀರು ಹಾಯಿಸಿ ಕಿವಿ ತೊಳೆಸಬೇಡಿ. ಮೂಗು ಹಿಡಿದು ಊದಿ ಕಿವಿ ‘ಬಿಡಿಸಲು’ ಹೋಗಬೇಡಿ, ಅದು ಸೀಳನ್ನು ದೊಡ್ಡದು ಮಾಡಬಹುದು. ತಲೆಸುತ್ತಿನ ಮಾತ್ರೆ ನುಂಗಿ ಒಂದು ವಾರ ಕಾಯಬೇಡಿ. ಮಾತ್ರೆ ತಲೆಸುತ್ತನ್ನು ಮರೆಮಾಚುತ್ತದೆ, ಕೇಳುವಿಕೆಯನ್ನು ಉಳಿಸುವುದಿಲ್ಲ.

ಭಾರ ಎತ್ತಿದಾಗ, ತಿಣುಕಿದಾಗ ಅಥವಾ ಜೋರಾಗಿ ಸೀನಿದಾಗ ಕಿವಿಯಲ್ಲಿ ಒಡೆದಂತಾಗಿ ತಲೆ ತಿರುಗಿದರೆ ಆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ತಲೆ ಎತ್ತರಿಸಿ ಮಲಗಿ. ಒಂದೆರಡು ದಿನದೊಳಗೆ ಕಿವಿತಜ್ಞರನ್ನು ಕಂಡು ಆಡಿಯೋಮೆಟ್ರಿ ಮಾಡಿಸಿ. ವೈದ್ಯರು ಕೇಳಲಿ, ಕೇಳದಿರಲಿ, ಆ ಹೊತ್ತಿನಲ್ಲಿ ನೀವು ಏನು ಮಾಡುತ್ತಿದ್ದಿರಿ ಎಂಬುದನ್ನು ಮೊದಲ ಮಾತಾಗಿ ಹೇಳಿ.