‘ಇವನು ನನ್ನ ಫ್ರೆಂಡ್ ಇದ್ದಾನೆ’

ಡೊಂಬಿವಲಿಯಿಂದ ಥಾಣೆಯವರೆಗೆ ನಮ್ಮ ಹಿರಿಯರು ಒಟ್ಟಾದ ಕಡೆಯಲ್ಲೆಲ್ಲ ಕೇಳುವ ದೂರು ಒಂದೇ: ‘ಮಕ್ಕಳ ಕನ್ನಡದಲ್ಲಿ ಕನ್ನಡವೇ ಇಲ್ಲ, ಬರೀ ಇಂಗ್ಲಿಷು, ಹಿಂದಿ.’ ಕೆಲವು ತಿಂಗಳಿಂದ ನಾನು ಈ ಮಕ್ಕಳ ಮಾತಿಗೆ ಸ್ವಲ್ಪ ಗಮನ ಕೊಟ್ಟು ಕೇಳುತ್ತಿದ್ದೇನೆ. ದೂರು ಸುಳ್ಳಲ್ಲ. ಆದರೆ ಬೆರಳು ತೋರಿಸುತ್ತಿರುವುದು ಬೇರೆ ಕಡೆಗೆ ಅನಿಸಿದೆ.

ಒಂದು ವಾಕ್ಯ ತೆಗೆದುಕೊಳ್ಳಿ: ‘ಅಜ್ಜಿ, ಲೋಕಲ್ ಮಿಸ್ ಆಯ್ತು, ನೆಕ್ಸ್ಟ್ ಟ್ರೈನಲ್ಲಿ ಇಷ್ಟು ಗರ್ದಿ ಇತ್ತು ಅಂದ್ರೆ ಹತ್ಲಿಕ್ಕೇ ಆಗ್ಲಿಲ್ಲ.’ ಲೋಕಲ್, ಮಿಸ್, ನೆಕ್ಸ್ಟ್, ಟ್ರೈನ್ ಇಂಗ್ಲಿಷಿನವು, ಗರ್ದಿ ಮರಾಠಿಯದು. ಆದರೆ ವಾಕ್ಯವನ್ನು ಹಿಡಿದು ನಿಲ್ಲಿಸಿದ ‘ಆಯ್ತು’, ‘ಅಲ್ಲಿ’, ‘ಇತ್ತು’, ‘ಅಂದ್ರೆ’, ‘ಲಿಕ್ಕೇ ಆಗ್ಲಿಲ್ಲ’ ಎಲ್ಲವೂ ಕನ್ನಡ. ಅಜ್ಜಿಗೆ ಇದು ಅರ್ಥವಾಗುತ್ತದೆ. ಕಟ್ಟಡ ನಮ್ಮದು, ಇಟ್ಟಿಗೆ ಮಾತ್ರ ಹೊರಗಿನದು.

ಹೊರಗಿನ ಇಟ್ಟಿಗೆ ತಂದವರಲ್ಲಿ ಅಜ್ಜಂದಿರೂ ಇದ್ದಾರೆ. ವಿಜಯಪುರದಿಂದ ಬಂದ ಅಜ್ಜ ‘ಪಗಾರ ಆತು’ ಎನ್ನುತ್ತಿದ್ದರು. ಪಗಾರ ಪೋರ್ಚುಗೀಸ್ ಮೂಲದ ಪದ, ನಮಗೆ ಮರಾಠಿಯ ಮೂಲಕ ಬಂತು. ಮೊಮ್ಮಗ ‘ಸ್ಯಾಲರಿ ಕ್ರೆಡಿಟ್ ಆಯ್ತು’ ಎನ್ನುತ್ತಾನೆ. ಚಾವಿಯೂ ಪೋರ್ಚುಗೀಸಿನದೇ; ರೈತ ಅರಬ್ಬಿಯದು. ಕ್ರಿಯಾಪದಗಳನ್ನೂ ಹಿರಿಯರು ಬಿಟ್ಟವರಲ್ಲ. ಹಿಂದಿ, ಮರಾಠಿಯ ಕಡೆಯಿಂದ ಬಂದ ‘ಬದಲ್’, ‘ಜಮಾ’ಗಳಿಗೆ ‘ಆಯಿಸು’ ಹಚ್ಚಿ ಬದಲಾಯಿಸು, ಜಮಾಯಿಸು ಎಂದು ಪಳಗಿಸಿದರು. ಇಂದಿನ ಹುಡುಗರು ಹೆಚ್ಚಾಗಿ ‘ಮಾಡು’ ಸೇರಿಸುತ್ತಾರೆ: ಅಡ್ಜಸ್ಟ್ ಮಾಡು, ಮ್ಯಾನೇಜ್ ಮಾಡು. ಹಾಗೆಂದು ಹಳೆಯ ಅಚ್ಚು ಸವೆದಿಲ್ಲ. ‘ತಲೆ ಪಕಾಯಿಸ್ಬೇಡ’ ಎಂಬ ಮುಂಬಯಿ ಹುಡುಗರ ಮಾತು ಬದಲಾಯಿಸು ಹುಟ್ಟಿದ ರೀತಿಯಲ್ಲೇ ಹುಟ್ಟಿದೆ. ದನಿಯಲ್ಲಿ ಮಾತ್ರ ವ್ಯತ್ಯಾಸವಿದೆ: ಅಜ್ಜಿ ‘ಬಸ್ಸು’, ‘ರೈಲು’ ಎಂದು ಕೊನೆಗೆ ಉಕಾರ ಕೊಟ್ಟು ಮನೆಯ ಪದ ಮಾಡಿಕೊಳ್ಳುತ್ತಾರೆ, ಮೊಮ್ಮಗಳು ‘ಬಸ್’ ಎಂದು ಅಲ್ಲಿಗೇ ನಿಲ್ಲಿಸುತ್ತಾಳೆ.

ನನ್ನ ಕಿವಿ ನಿಂತದ್ದು ಇನ್ನೊಂದು ವಾಕ್ಯದಲ್ಲಿ: ‘ಇವನು ನನ್ನ ತಮ್ಮ ಇದ್ದಾನೆ.’ ಇದರಲ್ಲಿ ಒಂದೂ ಎರವಲು ಪದವಿಲ್ಲ. ಆದರೂ ಉಡುಪಿ ಕಡೆಯ ಅಜ್ಜಿ ಥಟ್ಟನೆ ತಿರುಗಿ ನೋಡುತ್ತಾರೆ. ಕನ್ನಡದಲ್ಲಿ ‘ಇವನು ನನ್ನ ತಮ್ಮ’ ಎಂದರೆ ಮುಗಿಯಿತು, ಕೊನೆಗೆ ಕ್ರಿಯಾಪದ ಬೇಡ. ಹಿಂದಿಯ ‘ಹೈ’, ಮರಾಠಿಯ ‘ಆಹೇ’ ಇಲ್ಲದೆ ಆ ಭಾಷೆಗಳ ಮಾತು ಸಾಮಾನ್ಯವಾಗಿ ನಿಲ್ಲುವುದಿಲ್ಲ; ಆ ಅಭ್ಯಾಸವೇ ಇಲ್ಲಿ ‘ಇದ್ದಾನೆ’ ಆಗಿ ಬಂದು ಕುಳಿತಿದೆ. ‘ನನಗೆ ಎರಡು ಅಣ್ಣ ಇದ್ದಾರೆ’ ಎಂಬುದೂ ಹೀಗೆಯೇ. ಜನರನ್ನು ಎಣಿಸಲು ಕನ್ನಡಕ್ಕೆ ಒಬ್ಬ, ಇಬ್ಬರು, ಮೂವರು ಎಂಬ ಬೇರೆ ಲೆಕ್ಕವಿದೆ. ಹಿಂದಿಯಲ್ಲಿ ಅಣ್ಣನಿಗೂ ಬಾಳೆಹಣ್ಣಿಗೂ ಒಂದೇ ‘ದೋ’.

ಇದು ಹೊಸ ರೋಗ ಎಂದುಕೊಳ್ಳಬೇಕಿಲ್ಲ. ಮಹಾರಾಷ್ಟ್ರದ್ದೇ ಸಾಂಗಲಿ ಜಿಲ್ಲೆಯ ಕುಪವಾಡ ಎಂಬ ಊರಿನಲ್ಲಿ ಕನ್ನಡ, ಮರಾಠಿ, ಉರ್ದು ಮಾತಾಡುವವರು ತಲೆಮಾರುಗಳಿಂದ ಅಕ್ಕಪಕ್ಕ ಬಾಳಿದವರು. ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು ಆ ಊರಿನ ಮಾತನ್ನು ಅಭ್ಯಸಿಸಿ 1971ರಲ್ಲಿ ಪ್ರಕಟಿಸಿದರು. ಅಲ್ಲಿ ಪದಗಳು ಬಹುಮಟ್ಟಿಗೆ ಬೇರೆಬೇರೆಯಾಗಿಯೇ ಉಳಿದಿದ್ದವು, ವಾಕ್ಯ ಕಟ್ಟುವ ರೀತಿ ಮಾತ್ರ ಒಂದಾಗಿತ್ತು. ‘ಇದು ನಿಮ್ಮ ಮನೆ’ ಎನ್ನುವಲ್ಲಿ ಕುಪವಾಡದ ಕನ್ನಡಿಗರು ಕೊನೆಗೆ ‘ಐತಿ’ ಸೇರಿಸುತ್ತಿದ್ದರು. ನಮ್ಮ ಹುಡುಗರ ‘ಇದ್ದಾನೆ’ ಅದರ ತಮ್ಮನೇ. ಗಡಿಸೀಮೆಯಿಂದ ಬಂದ ಅಜ್ಜಿಗೆ ಅದು ತಪ್ಪೆಂದು ಅನಿಸದೆಯೂ ಇರಬಹುದು.

ಆದರೆ ಒಂದು ವ್ಯತ್ಯಾಸವಿದೆ. ಕುಪವಾಡದಲ್ಲಿ ಮನೆ ತುಂಬ, ಓಣಿ ತುಂಬ ಕನ್ನಡವಿತ್ತು. ಬದಲಾದ ಕನ್ನಡವೂ ಮಕ್ಕಳಿಗೆ ದಾಟಿತು. ಕಲ್ಯಾಣದ ಚಾಳಿನಿಂದ ನವಿ ಮುಂಬಯಿಯ ಹದಿನೆಂಟನೇ ಮಹಡಿಗೆ ಹೋದ ಎಷ್ಟೋ ಮನೆಗಳಲ್ಲಿ ಮಗುವಿನ ಪಾಲಿನ ಕನ್ನಡವೆಂದರೆ ಅಜ್ಜಿ ಒಬ್ಬರೇ. ಅಲ್ಲಿ ನಾವು ಕಾಯಬೇಕಾದದ್ದು ‘ಲೋಕಲ್ ಮಿಸ್’ ಅನ್ನಲ್ಲ, ಅದರ ಹಿಂದಿನ ‘ಆಯ್ತು’ ಅನ್ನು. ಮಗು ‘ಲೋಕಲ್ ಮಿಸ್ ಹೋ ಗಯೀ’ ಎಂದ ದಿನ ವಾಕ್ಯ ಕನ್ನಡದ್ದಾಗಿ ಉಳಿಯುವುದಿಲ್ಲ. ಅಜ್ಜಿ ಅದಕ್ಕೂ ಹಿಂದಿಯಲ್ಲೇ ಉತ್ತರ ಕೊಟ್ಟರೆ ಆ ಬಾಗಿಲು ಮುಚ್ಚುತ್ತದೆ.

ಹಾಗಾಗಿ ಪದಕ್ಕೆ ತಡೆದು ತಿದ್ದುವುದು ಬೇಡ. ತಿದ್ದಿಸಿಕೊಂಡ ಮಗು ಮುಂದಿನ ಸಲ ಹಿಂದಿಯಲ್ಲೇ ಶುರುಮಾಡುತ್ತದೆ. ‘ಎರಡು ಅಣ್ಣ’ ಎಂದರೆ ‘ಹೌದಾ, ಇಬ್ಬರೂ ಅಣ್ಣಂದಿರು ಏನು ಮಾಡ್ತಾರೆ?’ ಎಂದು ಕೇಳಿ. ಸರಿಯಾದ ರೂಪ ಮಗುವಿನ ಕಿವಿಗೆ ಬಿತ್ತು, ಮಾತೂ ಮುಂದುವರಿಯಿತು.