ಪಾಸಾದ ವರ್ಷ ಯಾವುದು?

ಆಫರ್ ಲೆಟರ್ ಕೈಸೇರಿದ ಮೂರನೇ ವಾರ ನನ್ನ ಪರಿಚಯದ ಹುಡುಗನಿಗೆ ಎಚ್‌ಆರ್ ಕಡೆಯಿಂದ ಮೇಲ್ ಬಂತು. ಅವನ ಬಿ.ಇ. ವಿವರ ವಿಶ್ವವಿದ್ಯಾಲಯದ ದಾಖಲೆಗೆ ತಾಳೆಯಾಗುತ್ತಿಲ್ಲವಂತೆ. ಹುಡುಗ ಬೆವತುಹೋದ. ಅವನ ಸರ್ಟಿಫಿಕೇಟ್ ಅಸಲಿಯೇ. ಆದರೆ ಫಾರಂನಲ್ಲಿ ಪಾಸಾದ ವರ್ಷ 2019 ಎಂದು ಬರೆದಿದ್ದ. ಕೋರ್ಸ್ ಮುಗಿದದ್ದು ಆಗಲೇ, ನಿಜ. ಉಳಿದಿದ್ದ ಒಂದು ಪೇಪರ್ ಪಾಸಾದದ್ದು ಮಾತ್ರ 2020ರಲ್ಲಿ.

ದೊಡ್ಡ ಕಂಪನಿಗಳು ಈ ತಪಾಸಣೆಯನ್ನು ಸಾಮಾನ್ಯವಾಗಿ ಹೊರಗಿನ ಏಜೆನ್ಸಿಗೆ ಒಪ್ಪಿಸುತ್ತವೆ. ನಾವು ಸಹಿ ಹಾಕಿದ ಒಪ್ಪಿಗೆ ಪತ್ರ, ತುಂಬಿದ ಫಾರಂ, ಸ್ಕ್ಯಾನ್ ಮಾಡಿದ ಅಂಕಪಟ್ಟಿ ಮೂರೂ ಅವರ ಕೈಯಲ್ಲಿರುತ್ತವೆ. ಅಂಕಪಟ್ಟಿಯ ಮುದ್ರೆ, ಹೊಲೋಗ್ರಾಂ ಎಷ್ಟು ಚಂದ ಇದೆ ಎಂಬುದು ಅವರಿಗೆ ದೊಡ್ಡ ವಿಷಯವಲ್ಲ. ಪ್ರತಿಯನ್ನು ಶುಲ್ಕದ ಜೊತೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಕಳಿಸುತ್ತಾರೆ. ನಮ್ಮಲ್ಲಿ ಅದು ಕುಲಸಚಿವರ (ಮೌಲ್ಯಮಾಪನ) ಕಚೇರಿ. ಅಲ್ಲಿಂದ ಬಂದ ಉತ್ತರವನ್ನು ಫಾರಂ ಪಕ್ಕ ಇಟ್ಟು ಹೆಸರು, ನೋಂದಣಿ ಸಂಖ್ಯೆ, ಪಾಸಾದ ತಿಂಗಳು–ವರ್ಷ, ದರ್ಜೆ ಹೀಗೆ ಸಾಲು ಸಾಲಾಗಿ ತಾಳೆ ನೋಡುತ್ತಾರೆ.

ಅನುಭವಸ್ಥರಿಗೆ ಉತ್ತರ ಬರುವ ಮೊದಲೇ ಕೆಲವು ಸುಳ್ಳು ವಾಸನೆ ಹೊಡೆಯುತ್ತವೆ. ವಿಟಿಯು ಕೊಡುವ ಯುಎಸ್‌ಎನ್‌ನಲ್ಲಿ ಸೇರಿದ ವರ್ಷವೂ ಅಡಗಿದೆ. 1XX15CS042 ಎಂದಿದ್ದರೆ 2015ರಲ್ಲಿ ಮೊದಲ ವರ್ಷಕ್ಕೆ ಸೇರಿದವರು, 2018ರಲ್ಲಿ ಬಿ.ಇ. ಮುಗಿಯಲು ಸಾಧ್ಯವೇ ಇಲ್ಲ. ಕೊನೆಯ ಮೂರು ಅಂಕಿ 401 ಆಗಿದ್ದರೆ ಮಾತ್ರ ಸಾಧ್ಯ. 400ರ ಆಚೆಯ ಸಂಖ್ಯೆ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರದು. ನಕಲಿ ಮಾಡುವವನಿಗೆ ಇಷ್ಟು ತಿಳಿದಿರುವುದಿಲ್ಲ ಬಿಡಿ.

ನನಗೆ ಕನಿಕರ ಬರುವುದು ಪ್ರಾಮಾಣಿಕರ ಮೇಲೆ. ಅವರು ಫಾರಂ ತುಂಬುವುದು ನೆನಪಿನಿಂದ, ಅದೂ ರಾತ್ರಿ ಹನ್ನೊಂದಕ್ಕೆ, ಮೊಬೈಲಿನಲ್ಲಿ. ಕೊನೆಯ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು, ಅದರಲ್ಲಿರುವ ತಿಂಗಳು–ವರ್ಷವನ್ನೇ ಬರೆಯಬೇಕು. ಘಟಿಕೋತ್ಸವದ ದಿನಾಂಕ ಬೇರೆ, ಪಾಸಾದ ದಿನಾಂಕ ಬೇರೆ. ಎಸ್ಸೆಸ್ಸೆಲ್ಸಿಯಲ್ಲಿ 'ಮಂಜುನಾಥ ಕೆ' ಆಗಿದ್ದವರು ಆಧಾರ್‌ನಲ್ಲಿ ಅಪ್ಪನ ಹೆಸರೂ ಸೇರಿ ಉದ್ದವಾಗಿದ್ದರೆ, ಎರಡೂ ಒಬ್ಬರೇ ಎಂಬ ಅಫಿಡವಿಟ್ಟನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ವಾಸಿ. ಡಿಜಿಲಾಕರ್‌ನಲ್ಲಿ ವಿಶ್ವವಿದ್ಯಾಲಯವೇ ಹಾಕಿದ ಪದವಿ ಪತ್ರ ಸಿಕ್ಕರೆ ಅದನ್ನೂ ತೆರೆದು ನೋಡಿ. ಅಕ್ಷರ ತಪ್ಪಿದ್ದರೆ ಗೊತ್ತಾಗುವುದು ಅಲ್ಲೇ. ತಿದ್ದುಪಡಿಗೆ ವಾರಗಳೇ ಹಿಡಿಯಬಹುದು. ಆ ಕೆಲಸವನ್ನು ಇಂಟರ್‌ವ್ಯೂಗೆ ಹೋಗುವ ಮೊದಲೇ ಶುರು ಮಾಡಬೇಕು.

ಹುಡುಗ ಅಂದೇ ಎಚ್‌ಆರ್‌ಗೆ ನಾಲ್ಕು ಸಾಲು ಬರೆದ: ವರ್ಷ ತಪ್ಪಾಗಿದೆ, ಕಾರಣ ಇದು, ದಾಖಲೆ ಇಲ್ಲಿದೆ. ಜೊತೆಗೆ ಎರಡು ಅಂಕಪಟ್ಟಿ. ಅದರಲ್ಲೊಂದು, ಫೇಲಾದ ಸೆಮಿಸ್ಟರಿನದು, ಅಪ್ಪನ ಕಣ್ಣಿಗೆ ಬೀಳದಂತೆ ವರ್ಷಗಟ್ಟಲೆ ಟ್ರಂಕಿನ ತಳದಲ್ಲಿ ಇಟ್ಟಿದ್ದದ್ದು.